ಹೊರಗೆ ಫುಲ್ ನೆಟ್, ಒಳಗೆ ಬಂದ್ರೆ ಬಂದ್: ತಪ್ಪು ಫೋನ್‌ದಾ, ಟವರ್‌ದಾ?

ಬೇಸ್‌ಮೆಂಟ್‌ನಲ್ಲಿರುವ ಅಂಗಡಿಗಳಲ್ಲಿ ಇದು ದಿನನಿತ್ಯದ ಗೋಳು. ಗ್ರಾಹಕರು ಕ್ಯೂಆರ್ ಸ್ಕ್ಯಾನ್ ಮಾಡ್ತಾರೆ, ಚಕ್ರ ತಿರುಗ್ತಾನೇ ಇರುತ್ತೆ. ಮೆಟ್ಟಿಲು ಹತ್ತಿ ರಸ್ತೆಗೆ ಬಂದ ಕೂಡಲೇ ದುಡ್ಡು ಹೋಗುತ್ತೆ. 'ಫೋನ್ ಹಾಳಾಗಿದೆ' ಅಂತ ರಿಪೇರಿಗೆ ಕೊಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬಹುದು.

ಫೋನ್ ತೋರಿಸುವ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅನ್ನೋದು ಒಂದೊಂದು ಫೋನಿಗೆ ಒಂದೊಂದು ಥರ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ Settings ಒಳಗಿನ About phone ನಲ್ಲಿ SIM status ತೆರೆದರೆ Signal strength ಎದುರು ಮೈನಸ್ ಸಂಖ್ಯೆಯೊಂದು ಕಾಣುತ್ತದೆ. 4ಜಿಯಲ್ಲಿ -85 dBm ಆಸುಪಾಸು ಇದ್ದರೆ ಚೆನ್ನಾಗಿದೆ. -110 ದಾಟಿದರೆ ಡೇಟಾ ಕುಂಟುತ್ತೆ, -120ರ ಹತ್ತಿರ ಹೋದರೆ ಮುಗೀತು.

ಉದಾಹರಣೆಗೆ, ರಸ್ತೆಯಲ್ಲಿ -84 ಇದ್ದದ್ದು ಬೇಸ್‌ಮೆಂಟ್‌ನಲ್ಲಿ -114 ಆಯಿತು ಅಂದುಕೊಳ್ಳಿ. 30 ಅಂಕ ಇಳಿದಿದೆ. ಪ್ರತಿ 10 ಅಂಕಕ್ಕೆ ಸಿಗ್ನಲ್ ಹತ್ತು ಪಟ್ಟು ಕಡಿಮೆ ಆಗುವುದರಿಂದ, ಒಳಗೆ ತಲುಪಿದ್ದು ಹೊರಗಿನ ಸಾವಿರದಲ್ಲಿ ಒಂದು ಪಾಲು ಮಾತ್ರ. ಕಾಂಕ್ರೀಟ್ ಸ್ಲ್ಯಾಬ್, ಅದರೊಳಗಿನ ಕಬ್ಬಿಣ, ಸುತ್ತಲಿನ ಮಣ್ಣು ಸೇರಿ ಉಳಿದದ್ದನ್ನು ತಡೆದಿವೆ.

ಈಗ ಅದೇ ಜಾಗದಲ್ಲಿ, ಅದೇ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ಇಟ್ಟು ನೋಡಿ. ಎರಡೂ 4ಜಿಯಲ್ಲೇ ಇರಲಿ. ಎರಡರಲ್ಲೂ -114ರ ಆಸುಪಾಸು ಬಂದರೆ ಫೋನ್ ತಪ್ಪಿಲ್ಲ, ಅಲ್ಲಿ ಕವರೇಜೇ ಇಲ್ಲ. ನಾಲ್ಕೈದು ಅಂಕದ ವ್ಯತ್ಯಾಸ ಮಾಮೂಲಿ. ಆದರೆ ಹೊರಗೂ ಒಂದು ಫೋನ್ -84, ನಿಮ್ಮದು -105 ತೋರಿಸ್ತಿದ್ರೆ ನಿಮ್ಮ ಫೋನಿನ ಆಂಟೆನಾ ಮೇಲೆ ಅನುಮಾನ ಪಡಬೇಕು. ಬಿದ್ದು ಪೆಟ್ಟಾದ, ಡಿಸ್‌ಪ್ಲೇ ಬದಲಿಸಲು ಬಿಚ್ಚಿದ ಫೋನ್‌ಗಳಲ್ಲಿ ಹೀಗಾಗುತ್ತೆ. ಸಿಮ್ ಅದಲು ಬದಲು ಮಾಡಿದ ಮೇಲೂ ನಿಮ್ಮ ಫೋನಲ್ಲೇ ಕಡಿಮೆ ಬಂದರೆ ರಿಪೇರಿಗೆ ಕೊಡಿ.

ಕವರೇಜ್ ಸಮಸ್ಯೆ ಆಗಿದ್ದರೆ ಮೊದಲು ಬೇರೆ ಕಂಪನಿಯ ಸಿಮ್ ಅದೇ ಜಾಗದಲ್ಲಿ ಪರೀಕ್ಷಿಸಿ. 700, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಅಲೆಗಳು ಗೋಡೆ ದಾಟಿ ಸ್ವಲ್ಪ ಒಳಗೆ ಬರುತ್ತವೆ. 5ಜಿಯ 3300 ಮೆಗಾಹರ್ಟ್ಸ್ ಅಲೆ ಬೇಗ ಸೋಲುತ್ತದೆ. ಅದಕ್ಕೇ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 5ಜಿ ಬಿಟ್ಟು 4ಜಿ ಇಟ್ಟರೆ ಕೆಲವೊಮ್ಮೆ ಕೆಲಸ ಆಗುತ್ತೆ. ದಿನಾ ವ್ಯಾಪಾರ ಇರುವವರಿಗೆ ಕೇಬಲ್ ಬ್ರಾಡ್‌ಬ್ಯಾಂಡ್ ಎಳೆಸಿ ವೈಫೈ ಹಾಕುವುದೇ ಗಟ್ಟಿ ದಾರಿ.

ಆನ್‌ಲೈನ್‌ನಲ್ಲಿ ಸಿಗುವ 'ಸಿಗ್ನಲ್ ಬೂಸ್ಟರ್' ಮಾತ್ರ ತರಬೇಡಿ. ಅನುಮತಿ ಇಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ, ಸುತ್ತಮುತ್ತಲಿನವರ ನೆಟ್ಟೂ ಕೆಡುತ್ತೆ. ನಿಮ್ಮ ಸಿಮ್‌ನಿಂದ 198ಕ್ಕೆ ಕರೆ ಮಾಡಿ ದೂರು ಕೊಡಿ. ಹೊರಗಿನ, ಒಳಗಿನ ಎರಡೂ ಸಂಖ್ಯೆ ಹೇಳಿದರೆ 'ಫೋನ್ ಆಫ್ ಮಾಡಿ ಆನ್ ಮಾಡಿ' ಅನ್ನೋ ಉತ್ತರಕ್ಕೆ ಸುಮ್ಮನಾಗಬೇಕಿಲ್ಲ.