ಅಮ್ಮನ ಅರ್ಧ ಟಿಕೆಟ್ ಅರ್ಧವಲ್ಲ

ದಾವಣಗೆರೆಯ ಓದುಗರೊಬ್ಬರು 2019ರ ರೈಲು ಟಿಕೆಟ್ಟೊಂದರ ಫೋಟೊ ಕಳಿಸಿ, ಅದರ ಜೊತೆಗೊಂದು ಜಗಳವನ್ನೂ ಕಳಿಸಿದ್ದಾರೆ. ಅಪ್ಪ, ಅಮ್ಮ, ತಾವು, ಹೆಂಡತಿ, ಹೀಗೆ ನಾಲ್ವರಿಗೆ ಸೂಪರ್‌ಫಾಸ್ಟ್ ಗಾಡಿಯಲ್ಲಿ ಸ್ಲೀಪರ್ ಬುಕ್ ಮಾಡಿಸಿದ್ದರಂತೆ. ಅಪ್ಪನಿಗೆ 66, ಅಮ್ಮನಿಗೆ 61. ಆಗ ಹಿರಿಯ ನಾಗರಿಕರ ರಿಯಾಯಿತಿ ಇನ್ನೂ ಇತ್ತು: 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50. ಆದರೂ ಅಮ್ಮನ ಟಿಕೆಟ್ ಅರ್ಧಕ್ಕೆ ಬರಲಿಲ್ಲ. ಆಮೇಲೆ ಮನೆಯ ಹಿರಿಯರಿಗೆ ಹೊರಡುವ ದಿನ ಅಮಾವಾಸ್ಯೆ ಎಂಬುದು ನೆನಪಾಗಿ, ಇನ್ನು ಮೂವತ್ತು ಗಂಟೆ ಇರುವಾಗ ನಾಲ್ಕೂ ಟಿಕೆಟ್ ರದ್ದು. ‘ಶೇ. 25 ಹಿಡಿಯಬೇಕಾದವರು ಮೂರನೇ ಒಂದು ಭಾಗ ನುಂಗಿದ್ದಾರೆ. ಕಂಪ್ಯೂಟರಿಗೆ ಲೆಕ್ಕ ಬರುವುದಿಲ್ಲವೇ?’ ಎಂಬುದು ಅವರ ಪ್ರಶ್ನೆ.

ಅಮಾವಾಸ್ಯೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಕಂಪ್ಯೂಟರಿಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ. ರೈಲ್ವೆಯಲ್ಲಿ ಕಂಪ್ಯೂಟರ್ ರಿಸರ್ವೇಶನ್ ಶುರುವಾದದ್ದು 1985ರಲ್ಲಿ, ದೆಹಲಿಯಲ್ಲಿ. ಆಮೇಲೆ ಬಂದ ‘ಕನ್ಸರ್ಟ್’ ಎಂಬ ತಂತ್ರಾಂಶ ದೇಶದ ಬುಕಿಂಗ್ ಕೇಂದ್ರಗಳನ್ನೆಲ್ಲ ಒಂದೇ ಜಾಲಕ್ಕೆ ಪೋಣಿಸಿತು. ಈ ಯಂತ್ರ ಕೂಡಿಸುವುದು, ಕಳೆಯುವುದು, ಗುಣಿಸುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಆದರೆ ಯಾವುದನ್ನು ಮೊದಲು ಮಾಡುತ್ತದೆ, ಯಾವುದನ್ನು ಆಮೇಲೆ ಎನ್ನುವುದರಲ್ಲಿದೆ ನೋಡಿ ಮಜಾ.

ಅವರ ಟಿಕೆಟ್ಟಿನ ಚಿಲ್ಲರೆ ಬದಿಗಿಟ್ಟು, ಲೆಕ್ಕ ಸಲೀಸಾಗಲೆಂದು ಒಬ್ಬರ ಮೂಲ ದರ 400 ರೂಪಾಯಿ ಎಂದಿಟ್ಟುಕೊಳ್ಳುತ್ತೇನೆ. ಈ ಮೂಲ ದರ ದೂರದ ಬೆಲೆ. ಇಷ್ಟು ಕಿಲೋಮೀಟರಿಗೆ ಇಷ್ಟು ಎಂದು ಪಟ್ಟಿಯಲ್ಲಿ ನಿಗದಿಯಾಗಿರುತ್ತದೆ, ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುತ್ತ ಹೋಗುತ್ತದೆ. ಇದರ ಮೇಲೆ ಎರಡು ಬಾಬ್ತು ಕೂಡುತ್ತವೆ. ನಿಮ್ಮ ಹೆಸರಿಗೆ ಬರ್ತ್ ಹಿಡಿದಿಡುವುದಕ್ಕೆ ರಿಸರ್ವೇಶನ್ ಶುಲ್ಕ, ಸ್ಲೀಪರಿಗೆ 20 ರೂಪಾಯಿ. ಗಾಡಿ ಸೂಪರ್‌ಫಾಸ್ಟ್ ಆಗಿದ್ದರೆ ಅದರ ಹೆಚ್ಚುವರಿ ಶುಲ್ಕ, ಸ್ಲೀಪರಿಗೆ 30. ಈ ಎರಡಕ್ಕೂ ದೂರದ ಹಂಗಿಲ್ಲ. ಮುಂದಿನ ಜಿಲ್ಲೆಗೆ ಹೋದರೂ ಅಷ್ಟೇ, ದೆಹಲಿಗೆ ಹೋದರೂ ಅಷ್ಟೇ. ಸ್ಲೀಪರಿಗೆ ಜಿಎಸ್‌ಟಿ ಇಲ್ಲ. ಎಸಿ ಬೋಗಿಯಾಗಿದ್ದರೆ ಕೊನೆಯಲ್ಲಿ ಶೇ. 5 ಸೇರುತ್ತದೆ. ಹಾಗಾಗಿ ಮಗ, ಸೊಸೆ ತಲಾ 450 ಕೊಟ್ಟರು.

ರಿಯಾಯಿತಿ ಕಳೆಯುವುದು ಮೂಲ ದರದಲ್ಲಿ ಮಾತ್ರ. ಸುಲಭದ ಲೆಕ್ಕಾಚಾರ ಎಡವುವುದು ಇಲ್ಲೇ. ಬಟ್ಟೆ ಅಂಗಡಿಯಲ್ಲಿ ಆಷಾಢದ ರಿಯಾಯಿತಿ ಬಟ್ಟೆಗಷ್ಟೇ, ಹೊಲಿಗೆ ಕೂಲಿಗಿಲ್ಲ, ಹಾಗೆ. ಅಪ್ಪನ 400ರಲ್ಲಿ ಶೇ. 40 ಎಂದರೆ 160 ಕಳೆದು 240, ಅದಕ್ಕೆ 20, ಮತ್ತೆ 30, ಒಟ್ಟು 290. ಅಮ್ಮನ 400 ಅರ್ಧವಾಗಿ 200, ಮೇಲೆ ಅದೇ 50, ಒಟ್ಟು 250. ನಾಲ್ವರದೂ ಸೇರಿ 1440 ರೂಪಾಯಿ. ಓದುಗರು ಮಾಡಿದ್ದು ತಿರುವುಮುರುವು: ಎಲ್ಲವನ್ನೂ ಮೊದಲು ಕೂಡಿಸಿ, ಬಂದ 450ರಲ್ಲಿ ಶೇಕಡಾವಾರು ಕಳೆದರು. ಅದರಿಂದ ಅಪ್ಪನಿಗೆ 270, ಅಮ್ಮನಿಗೆ 225, ಒಟ್ಟು 1395 ಬರುತ್ತದೆ. ವ್ಯತ್ಯಾಸ 45 ರೂಪಾಯಿ, ಅಂದರೆ ಆ 50 ರೂಪಾಯಿಯ ಶೇ. 40 ಮತ್ತು ಶೇ. 50.

ನಿಜಕ್ಕೂ ಅಮ್ಮನಿಗೆ ಸಿಕ್ಕ ರಿಯಾಯಿತಿ 450ರಲ್ಲಿ 200, ಶೇ. 44. ಪ್ರಯಾಣ ಚಿಕ್ಕದಾದಷ್ಟೂ ಇದು ಇನ್ನೂ ಇಳಿಯುತ್ತದೆ. ಮೂಲ ದರ 120 ಇರುವ ಹತ್ತಿರದ ಊರಿಗೆ ಹೋಗಿದ್ದರೆ 170ರ ಟಿಕೆಟ್ಟಿನಲ್ಲಿ 60 ರೂಪಾಯಿ ಉಳಿಯುತ್ತಿತ್ತು, ಶೇ. 35 ಅಷ್ಟೇ. ದೆಹಲಿಗೆ ಹೊರಟಿದ್ದರೆ ಅರ್ಧದ ಹತ್ತಿರಕ್ಕೆ ಬರುತ್ತಿತ್ತು. ಆದರೆ ಎಷ್ಟೇ ದೂರ ಹೋದರೂ ಪೂರ್ತಿ ಅರ್ಧ ಆಗುವುದಿಲ್ಲ. ದೂರದೊಂದಿಗೆ ಬೆಳೆಯುವ ಮೊತ್ತಕ್ಕೆ ಬೆಳೆಯದ ಮೊತ್ತವೊಂದನ್ನು ಕೂಡಿಸಿದಾಗಲೆಲ್ಲ ಹೀಗೇ ಆಗುತ್ತದೆ.

ಸೂಪರ್‌ಫಾಸ್ಟ್ ಎಂದರೇನೆಂಬ ತಪ್ಪು ಕಲ್ಪನೆಯೊಂದನ್ನೂ ಇಲ್ಲೇ ಹೇಳಿಬಿಡಬೇಕು. ಇಂಜಿನ್ ಬೇರೆ, ಓಟ ಬೇರೆ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಬ್ರಾಡ್‌ಗೇಜ್‌ನಲ್ಲಿ ಹೊರಟ ನಿಲ್ದಾಣದಿಂದ ಕೊನೆಯ ನಿಲ್ದಾಣದವರೆಗೆ, ನಡುವೆ ನಿಂತ ಹೊತ್ತೂ ಸೇರಿ, ಹೋಗುವಾಗಲೂ ಬರುವಾಗಲೂ ಸರಾಸರಿ ಗಂಟೆಗೆ 55 ಕಿ.ಮೀ. ದಾಟಿದರೆ ಅದು ಸೂಪರ್‌ಫಾಸ್ಟ್. ಅದೂ ವೇಳಾಪಟ್ಟಿಯಲ್ಲಿ ದಾಟಿದರೆ ಸಾಕು, ಹಳಿಯ ಮೇಲೆ ದಾಟಬೇಕೆಂದಿಲ್ಲ! ಗಾಡಿ ತಡವಾಗಿ ಮುಟ್ಟಿತೆಂದು ಆ 30 ರೂಪಾಯಿ ವಾಪಸ್ ಬರುವುದಿಲ್ಲ. 2017ರಲ್ಲಿ ಮಹಾಲೇಖಪಾಲರ ವರದಿ ಇದನ್ನೇ ಎತ್ತಿ ಆಡಿತ್ತು: ಎರಡು ರೈಲ್ವೆ ವಲಯಗಳಲ್ಲಿ ಆ ವೇಗ ಮುಟ್ಟದ ಗಾಡಿಗಳ ಪ್ರಯಾಣಿಕರಿಂದ 11 ಕೋಟಿಗೂ ಹೆಚ್ಚು ಶುಲ್ಕ ವಸೂಲಾಗಿತ್ತು. ನನ್ನ ಪ್ರಕಾರ ಟಿಕೆಟ್ಟಿನ ಬಾಬ್ತುಗಳಲ್ಲಿ ಅತ್ಯಂತ ಅನ್ಯಾಯದ್ದು ಇದೇ.

ಇನ್ನು ರದ್ದತಿ. ನನಗೆ ತುಂಬ ಇಷ್ಟವಾದ ಭಾಗ ಇದು. ಈ ಟಿಕೆಟ್ಟಿಗೆ ಅನ್ವಯಿಸಿದ್ದು 2015ರ ನವೆಂಬರಿನಲ್ಲಿ ಜಾರಿಗೆ ಬಂದ ನಿಯಮ. ಬರ್ತ್ ಖಾತ್ರಿಯಾದ ಟಿಕೆಟ್ ಅನ್ನು ಗಾಡಿ ಹೊರಡಲು 48 ಗಂಟೆಗಿಂತ ಮೊದಲೇ ರದ್ದು ಮಾಡಿದರೆ ಸ್ಲೀಪರಿಗೆ ತಲಾ 120 ರೂಪಾಯಿ ಕಡಿತ. 48ರಿಂದ 12 ಗಂಟೆಯ ನಡುವೆ ಟಿಕೆಟ್ ದರದ ಶೇ. 25. ಅಲ್ಲಿಂದ 4 ಗಂಟೆಯವರೆಗೆ ಅರ್ಧ. ಆಮೇಲೆ ಏನೂ ಸಿಗುವುದಿಲ್ಲ. ಓದುಗರು ಓದಿದ್ದು ಇಷ್ಟು, ನೆನಪಿಟ್ಟದ್ದೂ ಇಷ್ಟು. ಶೇಕಡಾವಾರಿನ ಬೆನ್ನಿಗೇ ಒಂದು ಷರತ್ತಿದೆ, ಅದನ್ನು ಯಾರೂ ಓದುವುದಿಲ್ಲ: ಕಡಿತ ಯಾವ ಕಾರಣಕ್ಕೂ ಆ 120ಕ್ಕಿಂತ ಕಡಿಮೆಯಾಗಬಾರದು.

ಮೂವತ್ತು ಗಂಟೆ ಇರುವಾಗ ರದ್ದಾದ ಈ ನಾಲ್ಕು ಟಿಕೆಟ್ ನೋಡಿ. ಮಗನ 450ರ ಶೇ. 25 ಎಂದರೆ ನೂರಹನ್ನೆರಡೂವರೆ. ಅದು 120ಕ್ಕಿಂತ ಕಡಿಮೆ, ಆದ್ದರಿಂದ 120 ಕಡಿತ. ಸೊಸೆಯದೂ ಹಾಗೆಯೇ. ಅಪ್ಪನದು ಎಪ್ಪತ್ತೆರಡೂವರೆ, ಅಮ್ಮನದು ಅರವತ್ತೆರಡೂವರೆ ಬರುತ್ತದೆ. ಅವರಿಗೂ 120ರಂತೆಯೇ. 1440ರ ಶೇ. 25 ಎಂದು ಓದುಗರು 360 ನಿರೀಕ್ಷಿಸಿದ್ದರು. ಯಂತ್ರ ಒಬ್ಬೊಬ್ಬರದನ್ನೂ ಬೇರೆ ಬೇರೆ ತೂಗಿ 480 ಹಿಡಿದು 960 ವಾಪಸ್ ಕೊಟ್ಟಿತು. ಮೂರನೇ ಒಂದು ಭಾಗ ಹೋದದ್ದು ಹೀಗೆ. ಕಡಿತ ಟಿಕೆಟ್ಟಿಗಲ್ಲ, ತಲೆಗೆ.

ಈಗ ಆ 120ನ್ನೇ ಸ್ವಲ್ಪ ಹೊರಳಿಸಿ ನೋಡೋಣ. ಅದು 480ರ ಶೇ. 25. ಅಂದರೆ ತಲಾ 480ಕ್ಕಿಂತ ಕಡಿಮೆಯ ಸ್ಲೀಪರ್ ಟಿಕೆಟ್ಟಿಗೆ ಶೇ. 25ರ ಹಂತ ಕಾಗದದ ಮೇಲಷ್ಟೇ ಇದೆ. (ಮೇಲಿನ ಒಟ್ಟು ಕಡಿತವೂ 480 ಆದದ್ದು ಕಾಕತಾಳೀಯ.) ಹತ್ತು ದಿನ ಮೊದಲು ರದ್ದು ಮಾಡಿದರೂ 120, ಹದಿಮೂರು ಗಂಟೆ ಮೊದಲು ಮಾಡಿದರೂ 120. 240ಕ್ಕಿಂತ ಕಡಿಮೆಯ ಟಿಕೆಟ್ಟಿಗೆ ಅರ್ಧದ ಹಂತವೂ ತಾಗುವುದಿಲ್ಲ. 48 ಗಂಟೆ ಮೀರುತ್ತದೆಂದು ಜನ ಅರ್ಧರಾತ್ರಿ ಫೋನು ಹಿಡಿದು ಒದ್ದಾಡುವುದನ್ನು ನೋಡಿದ್ದೇನೆ. ಇಂಥ ಟಿಕೆಟ್ಟಿಗೆ ಆ ಗಡಿಬಿಡಿ ಬೇಕಿಲ್ಲ. ಈ ಕುಟುಂಬ ಹೆದರಬೇಕಾದ ಗೆರೆ 12 ಗಂಟೆಯದು. ಅದನ್ನು ದಾಟಿದ್ದರೆ ಮಗ, ಸೊಸೆಯ ಕಡಿತ 120ರಿಂದ ಒಮ್ಮೆಲೇ 200ರ ಮೇಲಕ್ಕೆ ಜಿಗಿಯುತ್ತಿತ್ತು. ಅಮ್ಮನದು ಮಾತ್ರ ಅಲ್ಲೇ 120ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ಇದರಲ್ಲೊಂದು ವ್ಯಂಗ್ಯವೂ ಅಡಗಿದೆ. ಟಿಕೆಟ್ ಕೊಳ್ಳುವಾಗ ಅಮ್ಮನ ವಯಸ್ಸು ನೋಡಿ ದರ ತಗ್ಗಿಸಿದ ಯಂತ್ರ, ರದ್ದು ಮಾಡುವಾಗ ಆ ವಯಸ್ಸನ್ನು ಮರೆತುಬಿಡುತ್ತದೆ. ಮಗ ಕೊಟ್ಟ 450ರಲ್ಲಿ 120 ಹೋದರೆ ಶೇ. 27ರಷ್ಟು ನಷ್ಟ. ಅಮ್ಮ ಕೊಟ್ಟ 250ರಲ್ಲಿ ಅದೇ 120 ಹೋದರೆ ಶೇ. 48. ಕೊಟ್ಟ ರಿಯಾಯಿತಿಯ ಬಹುಪಾಲನ್ನು ರದ್ದತಿ ಹಿಂದಕ್ಕೆ ಕಿತ್ತುಕೊಂಡಿತು. ಪರೀಕ್ಷಿಸಬೇಕೆಂದರೆ ಹಳೆಯ ಟಿಕೆಟ್ಟಿನಲ್ಲಿ ವಯಸ್ಸಾದವರ ಹೆಸರಿನೆದುರು SRCTZN ಅಥವಾ SRCTNW ಎಂಬ ಸಂಕೇತ ಹುಡುಕಿ. ಮೊದಲನೆಯದು ಗಂಡಸರ ರಿಯಾಯಿತಿ, ಎರಡನೆಯದು ಹೆಂಗಸರದು. ಆನ್‌ಲೈನಿನಲ್ಲಿ ಕೊಂಡಿದ್ದರೆ ವಾಪಸ್ ಬಂದ ಹಣ ಇನ್ನೂ ಕೆಲವು ರೂಪಾಯಿ ಕಡಿಮೆ ಕಂಡೀತು. ಅದು ವೆಬ್‌ಸೈಟಿನ ಸೇವಾ ಶುಲ್ಕ, ಟಿಕೆಟ್ ದರದ ಭಾಗವಲ್ಲ, ಹೋದದ್ದು ಹೋಯಿತು.

ಈಗ ಅಮಾವಾಸ್ಯೆ. ಚಂದ್ರ ಭೂಮಿಗೂ ಸೂರ್ಯನಿಗೂ ನಡುವಿನ ದಿಕ್ಕಿನಲ್ಲಿದ್ದು, ಅವನ ಬೆಳಗಿದ ಮುಖ ನಮಗೆ ಕಾಣದ ದಿನ ಅದು. ಹಳಿಗೂ ಗೊತ್ತಿಲ್ಲ, ಸಿಗ್ನಲ್ಲಿಗೂ ಗೊತ್ತಿಲ್ಲ. ಆ ದಿನವೂ ಗಾಡಿಗಳೆಲ್ಲ ಎಂದಿನಂತೆ ತುಂಬಿಕೊಂಡೇ ಓಡುತ್ತವೆ. ಈ ಮನೆಯವರು ಖಾಲಿ ಮಾಡಿದ ನಾಲ್ಕು ಬರ್ತು ಬಹುಶಃ ಕಾಯುವ ಪಟ್ಟಿಯಲ್ಲಿದ್ದ ನಾಲ್ವರಿಗೆ ಹೋದವು, ಅವರು ಸುಖವಾಗಿ ಮಲಗಿ ಊರು ಸೇರಿದರು. 480 ರೂಪಾಯಿ ತೆತ್ತು ದೂರ ಮಾಡಿಕೊಂಡ ಅಪಾಯ ಯಾವುದು ಎಂದು ಹಿರಿಯರನ್ನು ಯಾರಾದರೂ ವಿನಯದಿಂದ ಕೇಳಬೇಕು. ಪಂಚಾಂಗ ನೋಡಲೇಬೇಕೆಂದರೆ ಬುಕ್ ಮಾಡುವ ಮೊದಲು ನೋಡಿ, ಅದಕ್ಕೆ ಶುಲ್ಕವಿಲ್ಲ.

ಇವತ್ತು ಇದೇ ಕುಟುಂಬ ಇದೇ ದರಪಟ್ಟಿಯಲ್ಲಿ ಹೊರಟರೆ 1800 ಕೊಡಬೇಕು. ಹಿರಿಯರ ರಿಯಾಯಿತಿಯನ್ನು ಕೋವಿಡ್ ಹೊತ್ತಿನಲ್ಲಿ, 2020ರ ಮಾರ್ಚ್ 20ರಿಂದ ನಿಲ್ಲಿಸಿದವರು ಮತ್ತೆ ಕೊಟ್ಟಿಲ್ಲ. ಎಲ್ಲ ಪ್ರಯಾಣಿಕರಿಗೂ ವೆಚ್ಚಕ್ಕಿಂತ ಕಡಿಮೆ ದರದಲ್ಲೇ ಟಿಕೆಟ್ ಕೊಡುತ್ತಿದ್ದೇವೆ ಎಂಬುದು ಸಂಸತ್ತಿನಲ್ಲಿ ಸರ್ಕಾರ ಕೊಡುತ್ತ ಬಂದ ಉತ್ತರ. ಉಳಿದಿರುವುದು ಕೆಳ ಬರ್ತಿನ ಕೋಟಾ ಮಾತ್ರ, ಅದಕ್ಕೆ ಹೆಂಗಸರಿಗೆ 45 ತುಂಬಿದ್ದರೆ ಸಾಕು, ಗಂಡಸರಿಗೆ 60 ಆಗಬೇಕು.

ರದ್ದತಿಯ ಗಂಟೆಗಳನ್ನೂ ಮೊತ್ತಗಳನ್ನೂ ರೈಲ್ವೆ ಆಗಾಗ ತಿದ್ದುತ್ತಿರುತ್ತದೆ, ಕೆಲವು ಹೊಸ ಗಾಡಿಗಳಿಗೆ ನಿಯಮವೇ ಬೇರೆ. ಆದ್ದರಿಂದ ಟಿಕೆಟ್ ರದ್ದು ಮಾಡುವ ಮುನ್ನ ಆ ದಿನ ಜಾರಿಯಲ್ಲಿರುವ ಕನಿಷ್ಠ ಕಡಿತ ಎಷ್ಟೆಂದು ನೋಡಿ, ಶೇ. 25ರ ಹಂತಕ್ಕೆ ಅದನ್ನು ನಾಲ್ಕರಿಂದ ಗುಣಿಸಿ, ನಿಮ್ಮ ತಲಾ ದರದೊಂದಿಗೆ ಹೋಲಿಸಿ. ಗಡುವಿಗೆ ಓಡಬೇಕೋ ಬೇಡವೋ ಅಲ್ಲೇ ಗೊತ್ತಾಗುತ್ತದೆ.