ಕಳುವಾದ ವಾಹನ, ತಿರಸ್ಕೃತವಾದ ಪರಿಹಾರ

ವಾಹನ ಕಳುವಾಯಿತೆಂಬ ದುಃಖಕ್ಕಿಂತಲೂ ವಿಮಾ ಸಂಸ್ಥೆಯ ತಿರಸ್ಕಾರ ಪತ್ರ ತರುವ ದುಃಖ ಎಷ್ಟೋ ವೇಳೆ ಹೆಚ್ಚಿನದು. ‘ಪಾಲಿಸಿಯ ನಿಬಂಧನೆಯನ್ನು ಉಲ್ಲಂಘಿಸಿರುವುದರಿಂದ ತಮ್ಮ ಬೇಡಿಕೆಯನ್ನು ಪುರಸ್ಕರಿಸಲಾಗದು’ ಎಂಬ ಒಂದು ವಾಕ್ಯವನ್ನು ಓದಿ, ಇದೇ ಕೊನೆಯ ಮಾತೆಂದು ಸುಮ್ಮನಾಗುವವರೇ ಬಹುಮಂದಿ. ಆದರೆ ಎಲ್ಲ ತಿರಸ್ಕಾರವೂ ಒಂದೇ ತೂಕದ್ದಲ್ಲ. ಯಾವ ಕಾರಣಕ್ಕೆ ತಿರಸ್ಕರಿಸಿದ್ದಾರೆ ಎಂಬುದನ್ನು ನೋಡಿಯೇ ಹೋರಾಡಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸಬೇಕು.

ಮೊದಲು ನೋಡಬೇಕಾದುದು ಪಾಲಿಸಿಯ ಬಗೆಯನ್ನು. ಕಾನೂನು ಕಡ್ಡಾಯ ಮಾಡಿರುವುದು ಪರರಿಗಾಗುವ ಹಾನಿಯ ವಿಮೆಯನ್ನು ಮಾತ್ರ. ಅದೊಂದೇ ಇದ್ದವನಿಗೆ ಕಳುವಿನ ಪರಿಹಾರ ಎಂದಿಗೂ ದೊರೆಯದು. ಸ್ವಂತ ವಾಹನದ ನಷ್ಟವನ್ನೂ ಒಳಗೊಂಡ ಸಮಗ್ರ ಪಾಲಿಸಿ, ಅದೂ ಕಳುವಾದ ದಿನ ಅವಧಿ ತೀರದೆ ಇದ್ದುದಾದರೆ ಮಾತ್ರ ಮುಂದಿನ ಮಾತು.

ತಿರಸ್ಕಾರಕ್ಕೆ ಪದೇ ಪದೇ ಕೊಡುವ ಕಾರಣ ‘ತಡವಾಗಿ ತಿಳಿಸಿದಿರಿ’ ಎಂಬುದು. ಇದಕ್ಕೆ 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟ ಉತ್ತರ ಕೊಟ್ಟಿದೆ. 2010ರ ಅಕ್ಟೋಬರ್‌ನಲ್ಲಿ ಒಬ್ಬರ ಟ್ರ್ಯಾಕ್ಟರು ಕಳುವಾಗಿತ್ತು. ಅವರು ಅದೇ ದಿನ ಪೊಲೀಸರಿಗೆ ದೂರಿತ್ತರು. ವಿಮಾ ಸಂಸ್ಥೆಗೆ ತಿಳಿಸಿದ್ದು ಮಾತ್ರ 52 ದಿನಗಳ ತರುವಾಯ ಎಂಬ ಕಾರಣದಿಂದ ಸಂಸ್ಥೆ ಪರಿಹಾರವನ್ನು ನಿರಾಕರಿಸಿತು. ನ್ಯಾಯಾಲಯದ ತರ್ಕ ಸರಳವಾಗಿತ್ತು. ಅಪಘಾತವಾದಾಗ ಹಾನಿಯನ್ನು ಅಳೆಯಲು ಸಂಸ್ಥೆಯ ಸರ್ವೇಯರು ಕೂಡಲೇ ಬರಬೇಕಾಗುತ್ತದೆ; ಕಳುವಾದಾಗಲಾದರೋ ಹುಡುಕುವ ಕೆಲಸ ಪೊಲೀಸರದು. ಆದುದರಿಂದ ಪೊಲೀಸರಿಗೆ ಕೂಡಲೇ ದೂರಿತ್ತು, ಕಳುವು ನಿಜವೆಂದು ತನಿಖೆಯಲ್ಲಿ ಕಂಡುಬಂದಿದ್ದರೆ, ಸಂಸ್ಥೆಗೆ ತಡವಾಗಿ ತಿಳಿಸಿದರೆಂಬ ಒಂದೇ ಕಾರಣಕ್ಕೆ ನ್ಯಾಯವಾದ ಪರಿಹಾರವನ್ನು ತಪ್ಪಿಸಲಾಗದು. ಆದರೆ ಪೊಲೀಸರ ಬಳಿಗೇ ತಡವಾಗಿ ಹೋದವರಿಗೆ ಈ ತೀರ್ಪು ಆಸರೆಯಾಗುವುದು ಕಷ್ಟ.

ಎರಡನೆಯ ಕಾರಣ, ನಿಬಂಧನೆಯ ಉಲ್ಲಂಘನೆ. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ವಾಹನವನ್ನು ಬಾಡಿಗೆಗೆ ಓಡಿಸುತ್ತಿದ್ದಾಗ ಅದು ಕಳುವಾದ ಪ್ರಕರಣವೊಂದರಲ್ಲಿ, 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಹಾರವನ್ನು ಪೂರ್ತಿ ನಿರಾಕರಿಸುವುದು ಸರಿಯಲ್ಲವೆಂದು ಹೇಳಿ, ಶೇಕಡ 75ರಷ್ಟನ್ನು ಕೊಡುವುದನ್ನು ಎತ್ತಿಹಿಡಿಯಿತು. ಇಂಥಲ್ಲಿ ಪೂರ್ತಿ ಹಣ ಬಾರದಿದ್ದರೂ ಬಹುಭಾಗಕ್ಕೆ ಹೋರಾಡಬಹುದು. ಆದರೆ ಎಲ್ಲ ಉಲ್ಲಂಘನೆಗೂ ಈ ರಿಯಾಯಿತಿ ಇಲ್ಲ. 2011ರಲ್ಲಿ ಹೊಸ ವಾಹನವೊಂದು ಜೋಧಪುರದಲ್ಲಿ ಕಳುವಾಯಿತು. ಅದರ ತಾತ್ಕಾಲಿಕ ನೋಂದಣಿ ಕೆಲವೇ ದಿನಗಳ ಹಿಂದೆ ಮುಗಿದಿತ್ತು. ಖಾಯಂ ನೋಂದಣಿ ಆಗಿರಲಿಲ್ಲ. ನೋಂದಣಿಯಿಲ್ಲದೆ ವಾಹನವನ್ನು ರಸ್ತೆಗಿಳಿಸುವುದು ಮೂಲಭೂತವಾದ ಉಲ್ಲಂಘನೆಯೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಮಾನಿಸಿತು. ಮಾಲಿಕರಿಗೆ ಏನೂ ದೊರೆಯಲಿಲ್ಲ.

ಮೂರನೆಯದು ಕಾಗದಪತ್ರಗಳ ಕೊರತೆ. ದೂರಿನ ಪ್ರತಿ, ಪಾಲಿಸಿ, ನೋಂದಣಿ ಪತ್ರ, ವಾಹನದ ಎರಡೂ ಕೀಲಿಕೈಗಳು, ಜೊತೆಗೆ ವಾಹನ ಪತ್ತೆಯಾಗಲಿಲ್ಲವೆಂಬ ಪೊಲೀಸರ ಅಂತಿಮ ವರದಿ, ಇವಿಷ್ಟನ್ನು ಸಂಸ್ಥೆ ಕೇಳುತ್ತದೆ. ಅಂತಿಮ ವರದಿ ಬರಲು ತಿಂಗಳುಗಳೇ ಹಿಡಿಯಬಹುದು. ಅದು ಬಾರದ ಕಾರಣ ಕಡತವನ್ನು ಮುಚ್ಚಿದ್ದರೆ, ವರದಿ ಕೈಸೇರಿದೊಡನೆ ಕಡತವನ್ನು ಮತ್ತೆ ತೆರೆಯುವಂತೆ ಬರೆದು ಕೇಳಬೇಕು. ಒಂದು ಕೀಲಿಕೈ ಮೊದಲೇ ಕಳೆದಿದ್ದರೆ ಆ ಸಂಗತಿಯನ್ನು ಮೊದಲ ಪತ್ರದಲ್ಲಿಯೇ ತಿಳಿಸುವುದು ಲೇಸು. ಕೀಲಿಕೈಯನ್ನು ವಾಹನದಲ್ಲಿಯೇ ಬಿಟ್ಟಿದ್ದರೆಂಬ ಸಂದೇಹ ಹುಟ್ಟಿದ ಮೇಲೆ ಕೊಡುವ ವಿವರಣೆಗೆ ಬೆಲೆ ಕಡಿಮೆ.

ತಿರಸ್ಕಾರ ಅನ್ಯಾಯವೆಂದು ತೋರಿದರೆ, ಯಾವ ನಿಬಂಧನೆ ಹೇಗೆ ಮುರಿದಿದೆಯೆಂದು ಪ್ರಶ್ನಿಸಿ ಮೊದಲು ಸಂಸ್ಥೆಗೇ ಲಿಖಿತ ದೂರು ಸಲ್ಲಿಸಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿ ಕೊಡದಿದ್ದರೆ, ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಕರ್ನಾಟಕದವರಿಗೆ ಅದರ ಕಛೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕರ ಆಯೋಗದ ಬಾಗಿಲು ಎರಡು ವರ್ಷಗಳವರೆಗೆ ತೆರೆದಿರುತ್ತದೆ. ಎಲ್ಲಿಗೆ ಹೋದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಪೊಲೀಸರಿಗೆ ದೂರು ಕೊಟ್ಟದ್ದು ಯಾವ ದಿನ? ಆ ದಿನಾಂಕ ಕಳುವಾದ ದಿನದ್ದೇ ಆಗಿದ್ದರೆ ಅರ್ಧ ವ್ಯಾಜ್ಯ ಗೆದ್ದಂತೆಯೇ ಸರಿ.