ಉದ್ದ ವಾಕ್ಯವನ್ನು ಎಲ್ಲಿ ತುಂಡರಿಸಬೇಕು?

ಅನುವಾದ ಸ್ಮೃತಿ ತಂತ್ರಾಂಶವು ಮೂಲಪಠ್ಯವನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡನ್ನೂ ಅದರ ಅನುವಾದದೊಂದಿಗೆ ಸಂಗ್ರಹಿಸುತ್ತದೆ. ಅದೇ ತುಂಡು ಮತ್ತೆ ಬಂದಾಗ ಹಳೆಯ ಅನುವಾದವನ್ನು ಮುಂದಿಡುತ್ತದೆ. ತುಂಡು ತೀರಾ ಉದ್ದವಾದರೆ ಅದು ಇಡಿಯಾಗಿ ಮರುಕಳಿಸುವುದೇ ಅಪರೂಪ.

ಈ ಪ್ರಕಟಣೆಯನ್ನು ಇಂಗ್ಲಿಷಿಗೆ ಅನುವಾದಿಸಬೇಕಿದೆ ಎನ್ನೋಣ: "ಅರ್ಜಿದಾರರು ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಿ, ರೂ. 100 ಶುಲ್ಕ ಪಾವತಿಸಿ, ರಸೀದಿಯನ್ನು ಕಚೇರಿಗೆ ಸಲ್ಲಿಸತಕ್ಕದ್ದು; ತಪ್ಪಿದಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗುವುದು."

ಇಲ್ಲಿ ಅರ್ಧವಿರಾಮದ ಬಳಿ ಒಡೆಯುವುದು ಲಾಭದಾಯಕ. ಅದರ ಎರಡೂ ಬದಿಯಲ್ಲಿ ಕ್ರಿಯಾಪದ ಮುಗಿದಿದೆ; ತಿರಸ್ಕಾರದ ಮಾತು ಬೇರೆ ಪ್ರಕಟಣೆಗಳಲ್ಲೂ ಹಾಗೆಯೇ ಬರುತ್ತದೆ. ಅಲ್ಪವಿರಾಮದ ಬಳಿ ಒಡೆಯುವುದು ಮಾತ್ರ ಅಪಾಯ. ಒಂಟಿಯಾಗಿ ನಿಂತ "ಪ್ರತಿಯನ್ನು ಲಗತ್ತಿಸಿ" ಎಂಬುದು ಆಜ್ಞೆಯೂ ಹೌದು, ಅಪೂರ್ಣ ಕ್ರಿಯೆಯೂ ಹೌದು. ಮುಂದೆ ಅರ್ಜಿ ನಮೂನೆಯೊಂದರಲ್ಲಿ ಅದೇ ತುಂಡು ಸೂಚನೆಯಾಗಿ ಬಂದರೆ ತಂತ್ರಾಂಶ ನೂರಕ್ಕೆ ನೂರು ಹೊಂದಿಕೆ ತೋರಿಸುತ್ತದೆ, ಅನುವಾದ ಮಾತ್ರ ತಪ್ಪಾಗಿರುತ್ತದೆ. ಇಂಥ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಕಡಿಮೆ ಹೊಂದಿಕೆಗಿಂತ ಇದೇ ಹೆಚ್ಚು ಕೆಟ್ಟದ್ದು.

"ರೂ." ಮುಂದಿನ ಚುಕ್ಕಿಯನ್ನು ವಾಕ್ಯಾಂತ್ಯವೆಂದು ತಂತ್ರಾಂಶ ಭ್ರಮಿಸಬಹುದು. "100 ಶುಲ್ಕ" ಎಂದು ಆರಂಭವಾಗುವ ತುಂಡು ಕಂಡರೆ ಅದೇ ಗುರುತು. OmegaT ತಂತ್ರಾಂಶದಲ್ಲಿ ಇದಕ್ಕೊಂದು ವಿನಾಯಿತಿ ನಿಯಮ ಸೇರಿಸಬಹುದು. ಚುಕ್ಕಿಯ ಹಿಂದಿನ ಮತ್ತು ಮುಂದಿನ ವಿನ್ಯಾಸ ಕ್ರಮವಾಗಿ ಹೀಗಿರುತ್ತವೆ:

```
(^|\s)ರೂ\.
\s
```

ವಿನಾಯಿತಿಯು ಒಡೆಯುವ ನಿಯಮಕ್ಕಿಂತ ಮೇಲಿನ ಸಾಲಿನಲ್ಲಿರಬೇಕು. "ಡಾ.", "ಕ್ರ.ಸಂ." ಮೊದಲಾದವಕ್ಕೂ ಇದೇ ಉಪಾಯ. ನಿಯಮಗಳನ್ನು ಕೆಲಸಕ್ಕೆ ಮುನ್ನವೇ ಗೊತ್ತುಮಾಡುವುದು ಒಳ್ಳೆಯದು. ನಡುವೆ ಬದಲಿಸಿದರೆ ಹಳೆಯ ತುಂಡುಗಳು ಹೊಸ ತುಂಡುಗಳಿಗೆ ಹೊಂದುವುದಿಲ್ಲ.